212ರ ವೇಗದಲ್ಲಿ ರಿವರ್ಬ್‌ಗೆ ಜಾಗವಿಲ್ಲ

2011ರ ಅಕ್ಟೋಬರ್ 30ರಂದು ಅಮೆರಿಕದ ಮೆಟಲ್ ತಂಡ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ನಾನು ತುಂಬಾ ಹಿಂದೆ ಸಿಕ್ಕಿಹಾಕಿಕೊಂಡಿದ್ದೆ. ವೇದಿಕೆ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಹಾಗಾಗಿ ದೊಡ್ಡ ಪರದೆ ನೋಡುತ್ತಾ ನಿಂತೆ. ಅವರ ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್ ಬಲಗೈ ತೋರಿಸಿದಾಗಲೆಲ್ಲ ಕಣ್ಣು ಅಲ್ಲೇ ಅಂಟಿಕೊಳ್ಳುತ್ತಿತ್ತು. ಕಿವಿಗೆ ಬೀಳುತ್ತಿದ್ದುದು ಗುಂಡಿನ ಸುರಿಮಳೆ. ಕೈ ನೋಡಿದರೆ ಅಲ್ಲಾಡುತ್ತಿದೆಯೋ ಇಲ್ಲವೋ ಎನ್ನುವ ಹಾಗೆ. ಮನೆಗೆ ಬಂದವನೇ ಅವರ 'ಮಾಸ್ಟರ್ ಆಫ್ ಪಪೆಟ್ಸ್' ಹಾಡು ಕಲಿಯುತ್ತೇನೆ ಅಂತ ಕೂತೆ.

ಆ ಹಾಡಿನ ವೇಗ ನಿಮಿಷಕ್ಕೆ ಸುಮಾರು 212 ಬೀಟ್. ಅದರಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಅಂದರೆ ರಿಫ್‌ನಲ್ಲಿ, ಒಂದು ಬೀಟ್‌ಗೆ ಎರಡು ಪೆಟ್ಟು. ಅಂದರೆ ಸೆಕೆಂಡಿಗೆ ಏಳು. ಕೆಳಗೆ-ಮೇಲೆ, ಕೆಳಗೆ-ಮೇಲೆ ಅಂತ ಪಿಕ್ ಆಡಿಸಿದರೆ ಇದು ಅಂಥ ಕಷ್ಟವೇನಲ್ಲ. ಆದರೆ ಹೆಟ್‌ಫೀಲ್ಡ್ ಎಲ್ಲವನ್ನೂ ಕೆಳಗೇ ಹೊಡೆಯುತ್ತಾರೆ. ಬರೀ ಡೌನ್‌ಸ್ಟ್ರೋಕ್. ಮೇಲಿನಿಂದ ಬೀಳುವ ಪೆಟ್ಟಿಗೆ ಇರುವ ತೂಕ ಕೆಳಗಿನಿಂದ ಏಳುವ ಪೆಟ್ಟಿಗೆ ಇರುವುದಿಲ್ಲ, ಅದಕ್ಕೇ.

160ರವರೆಗೆ ಆರಾಮವಾಗಿ ಬಂದೆ. 180ಕ್ಕೆ ಕೈ ನಿಂತೇ ಹೋಯಿತು. ಮುಂಗೈ ಕಲ್ಲಾಯಿತು, ಹೆಬ್ಬೆರಳು ಜೋಮು ಹಿಡಿಯಿತು. ನಾನು ಮಾಡುತ್ತಿದ್ದ ತಪ್ಪು ಎಲ್ಲರೂ ಮಾಡುವುದೇ. ವೇಗ ಬೇಕು ಅಂದಾಗ ಪಿಕ್ ಅನ್ನು ಗಟ್ಟಿಯಾಗಿ ಹಿಡಿಯುವುದು, ಮೊಣಕೈಯಿಂದ ಹೊಡೆಯುವುದು. ನಮ್ಮ ಡ್ರಮ್ಮರ್ ಚಿಕ್ಕಂದಿನಲ್ಲಿ ಮೃದಂಗ ಕಲಿತವನು. ಅವನೇ ಹೇಳಿದ: "ಲೋ, ಮೂರನೇ ಕಾಲಕ್ಕೆ ಹೋಗೋಕೆ ಜೋರಾಗಿ ಹೊಡೀಬಾರ್ದು ಮಗಾ, ಚಿಕ್ಕದಾಗಿ ಹೊಡೀಬೇಕು. ನಿನ್ನ ಕೈ ವಾಪಸ್ ಬರೋಕೇ ಅರ್ಧ ಟೈಮ್ ತಗೋತಾ ಇದೆ."

ನಿಜವಾಗಿಯೂ ಅಷ್ಟೇ. ಡೌನ್‌ಸ್ಟ್ರೋಕ್‌ನಲ್ಲಿ ಕಷ್ಟದ ಕೆಲಸ ಹೊಡೆಯುವುದಲ್ಲ, ಮೇಲೆ ಬರುವುದು. ಪಿಕ್‌ನ ತುದಿ ಎರಡು ಮೂರು ಮಿಲಿಮೀಟರ್ ಮಾತ್ರ ಹೊರಗೆ ಬಿಟ್ಟು ಹಿಡಿದೆ. ಸ್ವಲ್ಪ ಓರೆ ಮಾಡಿದೆ, ತಂತಿಗೆ ಸಿಕ್ಕಿಕೊಳ್ಳದೆ ಜಾರುವ ಹಾಗೆ. ಪೆಟ್ಟು ಬಿದ್ದ ಕ್ಷಣ ಕೈ ಸಡಿಲ ಬಿಟ್ಟರೆ ಮಣಿಕಟ್ಟು ತಾನೇ ಪುಟಿದು ಮೇಲೆ ಬರುತ್ತದೆ. ಇಡೀ ರಿಫ್ ಎಳೆಯುವುದನ್ನು ಬಿಟ್ಟೆ. ನಾಲ್ಕು ಬೀಟ್ ಪೂರ್ತಿ ವೇಗದಲ್ಲಿ ಹೊಡೆಯುವುದು, ನಾಲ್ಕು ಬೀಟ್ ಸುಮ್ನೆ ಕೂರುವುದು, ಹೀಗೆ ದಿನಕ್ಕೆ ಇಪ್ಪತ್ತು ನಿಮಿಷ. ಮುಂಗೈ ಬಿಗಿಯಾಯಿತೋ, ಅಲ್ಲಿಗೆ ಅವತ್ತಿನ ಪಾಠ ಮುಗಿಯಿತು. 160ರಿಂದ 200ಕ್ಕೆ ಐದು ತಿಂಗಳು ಬೇಕಾಯಿತು. ಕೊನೆಯ ಹನ್ನೆರಡಕ್ಕೂ ಹೆಚ್ಚುಕಡಿಮೆ ಅಷ್ಟೇ.

ಆಮೇಲೆ ರೆಕಾರ್ಡ್ ಮಾಡಿದೆ. ಅಲ್ಲಿ ಮಾನ ಹೋಯಿತು.

ಇಂಥ ರಿದಮ್ ಗಿಟಾರನ್ನು ಕಡಿಮೆ ಅಂದರೂ ಎರಡು ಸಲ ನುಡಿಸಿ, ಒಂದನ್ನು ಎಡ ಸ್ಪೀಕರಿಗೆ, ಇನ್ನೊಂದನ್ನು ಬಲಕ್ಕೆ ಹಾಕುತ್ತಾರೆ. ಎರಡೂ ಒಂದೇ ಕೈ ನುಡಿಸಿದ ಹಾಗೆ ಕೇಳಬೇಕು. 212ರಲ್ಲಿ ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ಇರುವ ಅಂತರ ಸುಮಾರು 141 ಮಿಲಿಸೆಕೆಂಡ್. ನನ್ನ ಎಡ-ಬಲದ ನಡುವೆ ಕೆಲವು ಕಡೆ 30 ಮಿಲಿಸೆಕೆಂಡ್ ವ್ಯತ್ಯಾಸ ಇತ್ತು. 'ಟಕ್' ಅನ್ನಬೇಕಾದ ಕಡೆ 'ಟ್ರಕ್' ಅನ್ನುತ್ತಿತ್ತು. ಜೊತೆಗೆ ಧ್ವನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಗೇನ್ ಎಂಟಕ್ಕೆ ಇಟ್ಟಿದ್ದೆ. ಒಟ್ಟು ಸೇರಿ ಮಿಕ್ಸಿಯಲ್ಲಿ ಚಟ್ನಿ ರುಬ್ಬಿದ ಸದ್ದು. ಗೇನ್ ಐದಕ್ಕೆ ಇಳಿಸಿದಾಗ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳತೊಡಗಿತು. ಎರಡು ಟ್ರ್ಯಾಕ್ ಸೇರಿದಾಗ ಭಾರ ತಾನಾಗಿ ಬರುತ್ತದೆ, ಗೇನ್‌ನಿಂದ ಅದನ್ನು ತರಬೇಕಿಲ್ಲ.

ಇನ್ನೊಂದು ತೊಂದರೆಯ ಮೂಲ ಹುಡುಕಲು ಎರಡು ವಾರ ಹಿಡಿಯಿತು. ಸಮಯ ಸರಿ ಇದ್ದರೂ ಎಡ-ಬಲ ಶ್ರುತಿ ಕೂಡುತ್ತಿರಲಿಲ್ಲ. ತಂತಿಗಳ ಬುಡವನ್ನು ಹಿಡಿದಿಡುವ ಭಾಗವೇ ಬ್ರಿಜ್, ನನ್ನ ಗಿಟಾರಿಗೆ ಇದ್ದದ್ದು ಫ್ಲಾಯ್ಡ್ ರೋಸ್ ಥರದ ತೇಲುವ ಬ್ರಿಜ್. ಉಬ್ಬಿದ ಕೂದಲು, ಮೇಕಪ್ಪಿನ ತಂಡಗಳ ಸಂಗೀತವಾದ ಎಂಬತ್ತರ ದಶಕದ ಹೇರ್ ಮೆಟಲ್ ಗಿಟಾರುಗಳ ಗುರುತೇ ಅದು. ಅದಕ್ಕೆ ಸಿಕ್ಕಿಸಿದ ಬಾರ್ ಒತ್ತಿದರೆ ಸ್ವರ ಪಾತಾಳಕ್ಕೆ ಇಳಿದು ಮತ್ತೆ ಸರಿಯಾಗಿ ಜಾಗಕ್ಕೆ ಬರುತ್ತದೆ. ಸೋಲೋಗೆ ಮಜಾ. ಆದರೆ ಥ್ರ್ಯಾಶ್‌ನಲ್ಲಿ, ಅಂದರೆ ಮೆಟಾಲಿಕಾದಂಥ ವೇಗದ ಮೆಟಲ್‌ನಲ್ಲಿ, ತಂತಿಯನ್ನು ಕುಗ್ಗಿಸಲು ಅಂಗೈಯ ಅಂಚನ್ನು ಬ್ರಿಜ್ ಮೇಲೇ ಊರುತ್ತೇವೆ. ಅದೇ ಪಾಮ್ ಮ್ಯೂಟ್. ತೇಲುವ ಬ್ರಿಜ್ ಮೇಲೆ ಕೈ ಊರಿದರೆ ಅದೂ ಅಲ್ಲಾಡುತ್ತದೆ, ಎಲ್ಲಾ ತಂತಿಯ ಶ್ರುತಿಯೂ ಏರುತ್ತದೆ. ಒಂದು ಸಲ ಜಾಸ್ತಿ ಒತ್ತಿರುತ್ತೀರಿ, ಇನ್ನೊಂದು ಸಲ ಕಡಿಮೆ. ಆಗ ಎರಡು ಟ್ರ್ಯಾಕ್ ಹೇಗೆ ಕೂಡಬೇಕು? ಹೆಟ್‌ಫೀಲ್ಡ್ ಆ ಕಾಲದಲ್ಲಿ ಹಿಡಿದಿದ್ದ ಬಿಳಿ ಎಕ್ಸ್‌ಪ್ಲೋರರ್‌ಗೆ ಕದಲದ ಬ್ರಿಜ್ ಇತ್ತು. ಎಲ್ಲಾ ಥ್ರ್ಯಾಶ್ ಗಿಟಾರಿಸ್ಟ್‌ಗಳೂ ಹಾಗೇ ಅಂತಲ್ಲ, ಸ್ಲೇಯರ್ ತಂಡದವರು ತೇಲುವ ಬ್ರಿಜ್ ಇಟ್ಟುಕೊಂಡೇ ಸಾಧಿಸಿದರು. ನನ್ನ ಕೈಗೆ ಅಷ್ಟು ಯೋಗ್ಯತೆ ಇರಲಿಲ್ಲ. ಬಡಗಿಯ ಹತ್ತಿರ ಒಂದು ತುಂಡು ಮರ ಇಸ್ಕೊಂಡು ಬಂದು, ಗಿಟಾರಿನ ಹಿಂದಿನ ಗೂಡಿನಲ್ಲಿ ಬ್ರಿಜ್ ಅಲ್ಲಾಡದ ಹಾಗೆ ಬಿಗಿಯಾಗಿ ಸಿಕ್ಕಿಸಿದೆ. ಶ್ರುತಿಯ ಸಮಸ್ಯೆ ಅವತ್ತೇ ಮುಗಿಯಿತು.

ರೆಕಾರ್ಡಿಂಗ್ ಇಷ್ಟು ಆದಮೇಲೂ ಒಣಒಣ ಅನಿಸಿತು. ಆಗ ನನ್ನ ತಲೆಯಲ್ಲಿ ಬಾನ್ ಜೋವಿ, ಡೆಫ್ ಲೆಪರ್ಡ್ ಥರದ ಹೇರ್ ಮೆಟಲ್ ತಂಡಗಳ ಆಲ್ಬಂಗಳ ಆ ಹೊಳಪು ಇತ್ತು. ಸ್ನೇರ್ ಡ್ರಮ್ ಹೊಡೆದರೆ ದೇವಸ್ಥಾನದ ಪ್ರಾಂಗಣದಲ್ಲಿ ಪಟಾಕಿ ಸಿಡಿದ ಹಾಗೆ ಇರುತ್ತಲ್ಲ, ಅದು. ಸರಿ, ಒಂದೂವರೆ ಸೆಕೆಂಡು ಅನುರಣಿಸುವ ರಿವರ್ಬ್ ಹಾಕಿದೆ. ಇಡೀ ರಿಫ್ ಮಂಜಿನಲ್ಲಿ ಮುಳುಗಿಹೋಯಿತು. ಲೆಕ್ಕ ಹಾಕಿದರೆ ಕಾರಣ ತಾನೇ ಗೊತ್ತಾಗುತ್ತದೆ. ಒಂದೂವರೆ ಸೆಕೆಂಡಿನಲ್ಲಿ 212ರ ವೇಗದ ಹತ್ತು ಪೆಟ್ಟುಗಳು ಬಂದುಹೋಗುತ್ತವೆ. ಮೊದಲನೆಯದರ ಬಾಲ ಮುಗಿಯುವ ಮುಂಚೆ ಹತ್ತನೆಯದು ಬಂದಿರುತ್ತದೆ. ಥ್ರ್ಯಾಶ್ ರಿಫ್‌ನ ಚೂಪು ಇರುವುದು ಪೆಟ್ಟಿನಲ್ಲಿ ಮಾತ್ರ ಅಲ್ಲ, ಎರಡು ಪೆಟ್ಟುಗಳ ನಡುವಿನ ಆ ಚೂರು ಮೌನದಲ್ಲಿ. ರಿವರ್ಬ್ ಮೊದಲು ತಿನ್ನುವುದೇ ಆ ಮೌನವನ್ನು.

ಇದನ್ನು ಕಿವಿಯಲ್ಲಿ ಕೇಳಬೇಕಾದರೆ ಸ್ಲೇಯರ್‌ನ ಎರಡು ಆಲ್ಬಂಗಳನ್ನು ಒಂದರ ಹಿಂದೆ ಒಂದು ಹಾಕಿ. 1985ರ 'ಹೆಲ್ ಅವೇಟ್ಸ್' ಮತ್ತು 1986ರ 'ರೇನ್ ಇನ್ ಬ್ಲಡ್'. ಅದೇ ನಾಲ್ಕು ಜನ, ಅದೇ ಡೇವ್ ಲೊಂಬಾರ್ಡೊ ಡ್ರಮ್ಸ್. ಮೊದಲನೆಯದರಲ್ಲಿ ರಿವರ್ಬ್ ಧಾರಾಳ, ಗವಿಯೊಳಗಿಂದ ನುಡಿಸಿದ ಹಾಗೆ. ಎರಡನೆಯದನ್ನು ಮಾಡಿಸಿದ್ದು ರಿಕ್ ರೂಬಿನ್. ಡೆಫ್ ಜ್ಯಾಮ್ ಕಂಪನಿ ಕಟ್ಟಿದವರಲ್ಲಿ ಒಬ್ಬರು, ಹಿಪ್-ಹಾಪ್ ಕಡೆಯಿಂದ ಬಂದವರು. ಅವರು ಆ ಗವಿಯನ್ನೇ ತೆಗೆದುಹಾಕಿದರು. ಹತ್ತು ಹಾಡು, ಒಟ್ಟು 29 ನಿಮಿಷ, ಒಂದು ಪೆಟ್ಟೂ ಕಲಸಿಹೋಗುವುದಿಲ್ಲ. ಅವರ ಕೈ ಒಂದು ವರ್ಷದಲ್ಲಿ ಪಳಗಿದ್ದಿರಬಹುದು, ಆದರೆ ಅರ್ಧದಷ್ಟು ಚೂಪು ಒಣ ಧ್ವನಿಯಿಂದಲೇ ಬಂದದ್ದು ಅಂತ ನನ್ನ ಲೆಕ್ಕ.

ಹಾಗಾದರೆ ಹೇರ್ ಮೆಟಲ್‌ನವರಿಗೆ ಕೈ ಸರಿ ಇರಲಿಲ್ಲ, ರಿವರ್ಬ್ ಹಿಂದೆ ಅಡಗಿದರು, ಅಲ್ವಾ? ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ನಮ್ಮ ಥ್ರ್ಯಾಶ್ ಬಳಗದಲ್ಲಿ ಅವರನ್ನು ಹೇರ್‌ಸ್ಪ್ರೇ ಗಿರಾಕಿಗಳು ಅಂತ ಆಡಿಕೊಳ್ಳುವುದೇ ರೂಢಿ. ಈ ಜಗಳ ಹಳೆಯದು. ಮೆಟಾಲಿಕಾ ಹುಟ್ಟಿದ್ದು ಹೇರ್ ಮೆಟಲ್‌ನ ತವರಾದ ಲಾಸ್ ಏಂಜಲೀಸ್‌ನಲ್ಲೇ, 1981ರಲ್ಲಿ. ಕ್ಲಿಫ್ ಬರ್ಟನ್ ಬೇಸ್ ನುಡಿಸಬೇಕಾದರೆ ನೀವೇ ನಮ್ಮೂರ ಕಡೆ ಬನ್ನಿ ಅಂದದ್ದಕ್ಕೆ 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಹೋದರು. ಹಾಲಿವುಡ್‌ನ ಆ ಬಣ್ಣದ ಲೋಕದ ಮೇಲೆ ಅಲ್ಲಿನ ಹುಡುಗರಿಗೆ ಇದ್ದ ಸಿಟ್ಟೇ ಸಿಟ್ಟು.

ನನ್ನ ಸೊಕ್ಕು ಇಳಿದದ್ದು ಗೆಳೆಯನೊಬ್ಬನ ಮದುವೆ ಪಾರ್ಟಿಯಲ್ಲಿ. ಬಾನ್ ಜೋವಿಯ 'ಲಿವಿನ್ ಆನ್ ಎ ಪ್ರೇಯರ್' ನುಡಿಸಬೇಕಿತ್ತು. 120ರ ಆಸುಪಾಸಿನ ವೇಗ, ನಿದ್ದೆಯಲ್ಲೂ ನುಡಿಸುತ್ತೇನೆ ಅಂದುಕೊಂಡೆ. ತಾಲೀಮಿನ ರೆಕಾರ್ಡಿಂಗ್ ಕೇಳಿದರೆ ಕೋರಸ್ ಬಡಕಲಾಗಿತ್ತು. ನನ್ನ ಬಲಗೈಗೆ ಪ್ರತಿ ಸ್ವರವನ್ನೂ ಕತ್ತರಿಸುವ ಚಟ ಅಂಟಿತ್ತು. ಈ ಹಾಡಿಗೆ ಬೇಕಾದದ್ದು ಬಿಟ್ಟುಬಿಡುವುದು. ಈ ವೇಗದಲ್ಲಿ ನಾಲ್ಕು ಬೀಟ್ ಅಂದರೆ ಎರಡು ಸೆಕೆಂಡ್. ಎರಡು ಸೆಕೆಂಡ್ ಒಂದು ಕಾರ್ಡ್, ಅಂದರೆ ಒಟ್ಟಿಗೆ ನುಡಿಸಿದ ಕೆಲವು ಸ್ವರ, ಬೆತ್ತಲೆಯಾಗಿ ನಿಂತಿರುತ್ತದೆ. ಎಡಗೈ ಬೆರಳು ಒಂದು ತಂತಿಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಎಳೆದಿದ್ದರೂ ಅಪಸ್ವರ ಕೇಳುತ್ತದೆ. ಥ್ರ್ಯಾಶ್‌ನ 141 ಮಿಲಿಸೆಕೆಂಡಿನಲ್ಲಿ ಅದನ್ನು ಯಾರೂ ಹಿಡಿಯುವುದಿಲ್ಲ. ವರ್ಷಗಟ್ಟಲೆ ನಾನು ಬಲಗೈ ಪಳಗಿಸಿ ಎಡಗೈಯನ್ನು ಹಾಗೇ ಬಿಟ್ಟಿದ್ದೆ ಅನ್ನುವುದು ಅವತ್ತು ಗೊತ್ತಾಯಿತು. ವೈಬ್ರಾಟೋ ಅಂತೂ ಕೇಳಲೇಬೇಡಿ. ಆಡಿನ ಕೂಗಿನ ಹಾಗಿತ್ತು.

ಡೆಫ್ ಲೆಪರ್ಡ್‌ಗೆ ಹೇರ್ ಮೆಟಲ್ ಅನ್ನುವ ಹಣೆಪಟ್ಟಿ ಇಷ್ಟವಿಲ್ಲ, ಇರಲಿ. ಅವರ 1987ರ 'ಹಿಸ್ಟೀರಿಯಾ' ಮುಗಿಯಲು ಸುಮಾರು ಮೂರು ವರ್ಷ ಹಿಡಿಯಿತು. ನಿರ್ಮಾಪಕ ಮಟ್ ಲ್ಯಾಂಗ್ ಒಂದೇ ಕೋರಸ್‌ಗೆ ಪದರದ ಮೇಲೆ ಪದರ ಧ್ವನಿ ಹಾಕಿಸಿದರು. ಕೆಲವು ಕಡೆ ಕಾರ್ಡ್‌ನ ತಂತಿಗಳನ್ನು ಒಂದೊಂದಾಗಿ ನುಡಿಸಿ ರೆಕಾರ್ಡ್ ಮಾಡಿಸಿದರು. ಇದನ್ನು ನಾನೂ ಮಾಡಿ ನೋಡಿದೆ. ಮೂರು ಸ್ವರದ ಕಾರ್ಡ್, ಮೂರು ಬೇರೆ ಟ್ರ್ಯಾಕ್, ಪ್ರತಿಯೊಂದಕ್ಕೂ ಟ್ಯೂನರ್ ನೋಡಿಕೊಂಡು ಶ್ರುತಿ. ಒಟ್ಟಿಗೆ ಕೇಳಿದರೆ ಗಿಟಾರ್ ಅನಿಸುವುದೇ ಇಲ್ಲ, ಗಾಜಿನ ಪೆಟ್ಟಿಗೆ ಬಾರಿಸಿದ ಹಾಗೆ. ಡಿಸ್ಟಾರ್ಷನ್ ಮೂಲಕ ಮೂರೂ ತಂತಿ ಒಟ್ಟಿಗೆ ಹೋದರೆ ಒಂದಕ್ಕೊಂದು ತಿಕ್ಕಾಡಿ ಗೊರಗೊರ ಅನ್ನುತ್ತವೆ. ಬೇರೆ ಬೇರೆ ಹೋದರೆ ಆ ತಿಕ್ಕಾಟವೇ ಇರುವುದಿಲ್ಲ. ಎಂಟು ಕಾರ್ಡ್‌ಗೆ ನನಗೆ ಒಂದು ಭಾನುವಾರ ಪೂರ್ತಿ ಹೋಯಿತು. ಮತ್ತೆ ಆ ಕೆಲಸಕ್ಕೆ ಕೈ ಹಾಕಿಲ್ಲ.

ಈ ಎರಡು ಬಣಗಳು ಒಂದೇ ಸ್ಟುಡಿಯೋ ಕುರ್ಚಿಯಲ್ಲಿ ಸೇರಿದ್ದೂ ಇದೆ. ಹೇರ್ ಮೆಟಲ್‌ನ ಮೊಟ್ಲಿ ಕ್ರೂ ತಂಡದ 1989ರ 'ಡಾಕ್ಟರ್ ಫೀಲ್‌ಗುಡ್' ನಿರ್ಮಿಸಿದವರು ಬಾಬ್ ರಾಕ್. ಅದರ ಧ್ವನಿ ಮೆಚ್ಚಿ ಮೆಟಾಲಿಕಾ ತನ್ನ 1991ರ ಆಲ್ಬಂಗೆ ಅವರನ್ನೇ ಕರೆಯಿತು. ಥ್ರ್ಯಾಶ್ ಅಭಿಮಾನಿಗಳು ದ್ರೋಹ ಅಂದರು. ಆದರೆ ಆ ಆಲ್ಬಂನ 'ಎಂಟರ್ ಸ್ಯಾಂಡ್‌ಮನ್' ವೇಗ ನೋಡಿ, 123ರ ಹತ್ತಿರ. ಆ ದಪ್ಪ ಡ್ರಮ್ ಧ್ವನಿ ಬೇಕೆಂದರೆ ಅದು ಮೊಳಗಿ ಮುಗಿಯುವಷ್ಟು ಸಮಯ ಬಿಡಲೇಬೇಕು. 212ರಲ್ಲಿ ಅದನ್ನು ಯಾವ ನಿರ್ಮಾಪಕನೂ ಕೊಡಲಾರ.

ಗಿಟಾರಿನ ಹಿಂದಿನ ಮರದ ತುಂಡನ್ನು ಈಗ ಹೇರ್ ಮೆಟಲ್ ನುಡಿಸುವ ದಿನ ತೆಗೆಯುತ್ತೇನೆ, ಉಳಿದ ದಿನ ಹಾಕುತ್ತೇನೆ. ಪ್ರತಿ ಸಲವೂ ಆರೂ ತಂತಿ ಮತ್ತೆ ಶ್ರುತಿ ಮಾಡಬೇಕು, ಅರ್ಧ ಗಂಟೆ ದಂಡ. 'ಮಾಸ್ಟರ್ ಆಫ್ ಪಪೆಟ್ಸ್' ಪೂರ್ತಿ ಡೌನ್‌ಸ್ಟ್ರೋಕ್‌ನಲ್ಲಿ ಇವತ್ತಿಗೂ ನನ್ನಿಂದ ಆಗಿಲ್ಲ. ಕೊನೆಯ ಚರಣದ ಹೊತ್ತಿಗೆ ಕೈ ಸೋತು ನಡುವೆ ಒಂದೊಂದು ಮೇಲಿನ ಪೆಟ್ಟು ಕದ್ದು ಸೇರಿಸುತ್ತೇನೆ. ಜನಕ್ಕೆ ಗೊತ್ತಾಗುವುದಿಲ್ಲ. ಡ್ರಮ್ಮರ್ ಮಾತ್ರ ಸಿಂಬಲ್ ಹಿಂದಿನಿಂದ ತಲೆ ಎತ್ತಿ ನೋಡುತ್ತಾನೆ.