ಗೊತ್ತಿರೋ ಪದಾನೇ ಕೈಕೊಟ್ಟಿತು

ಕಲಬುರಗಿಯಲ್ಲಿ ಹಿಂದಿ ಬರಲ್ಲ ಅನ್ನೋರು ಕಮ್ಮಿ. ನನಗೂ ಹಿಂದಿ ಬಂದದ್ದು ಓಣಿಯಲ್ಲೇ. ಆ ಧೈರ್ಯದ ಮೇಲೆಯೇ ಟೈಪಿಂಗ್ ಅಂಗಡಿಯಲ್ಲಿ ಹಿಂದಿ ಕಾಗದಗಳನ್ನು ಕನ್ನಡಕ್ಕೆ ಮಾಡಿಕೊಡಲು ಶುರು ಮಾಡಿದೆ. ಗೊತ್ತಿಲ್ಲದ ಪದ ಬಂದರೆ ನಿಘಂಟು ನೋಡುತ್ತಿದ್ದೆ. ನಾನು ಎಡವಿದ್ದು ಗೊತ್ತಿರುವ ಪದಗಳ ಹತ್ತಿರ.

ಮೊದಲ ಸಲ ಸಿಕ್ಕಿಬಿದ್ದದ್ದು ಒಂದು ಸಾಲದ ಅರ್ಜಿಯಲ್ಲಿ. ಹಿಂದಿಯಲ್ಲಿ ‘ವ್ಯವಸಾಯ್’ ಅಂತ ಒಂದು ಕಾಲಂ ಇತ್ತು. ಅದರ ಕೆಳಗೆ ಟಿಕ್ ಮಾಡಲು ನಾಲ್ಕು ಪದ: ಕೃಷಿ, ಉದ್ಯೋಗ್, ನೌಕ್ರಿ, ಅನ್ಯ. ನಾನು ಸಲೀಸಾಗಿ ವ್ಯವಸಾಯ, ಕೃಷಿ, ಉದ್ಯೋಗ, ನೌಕರಿ, ಇತರೆ ಅಂತ ಹೊಡೆದು ಕೊಟ್ಟೆ. ಎರಡು ದಿನಕ್ಕೆ ಸೂಪರ್ ಮಾರ್ಕೆಟ್ ಕಡೆಯ ಒಬ್ಬ ಕಿರಾಣಿ ಅಂಗಡಿಯವರು ಅರ್ಜಿ ಹಿಡಿದುಕೊಂಡು ಬಂದರು.

"ಸರ್, ನಮ್ಮಪ್ಪಂದೂ ಹೊಲ ಇಲ್ರಿ, ನಂದೂ ಇಲ್ರಿ. ವ್ಯವಸಾಯ ಏನಂತ ಬರೀಲಿ?"

ಹಿಂದಿಯಲ್ಲಿ ವ್ಯವಸಾಯ್ ಅಂದರೆ ಹೊಟ್ಟೆಪಾಡಿಗೆ ಮಾಡುವ ಕೆಲಸ, ವ್ಯಾಪಾರ. ನಮ್ಮಲ್ಲಿ ಅದು ಬೇಸಾಯ. ಸರಿ, ಕಾಲಮ್ಮಿನ ಹೆಸರನ್ನು ‘ಉದ್ಯೋಗ’ ಅಂತ ತಿದ್ದಲು ಹೋದೆ. ನೋಡಿದರೆ ಕೆಳಗೆ ಆಗಲೇ ಒಂದು ಉದ್ಯೋಗ ಕೂತಿದೆ! ಅದರ ಪಕ್ಕದಲ್ಲೇ ನೌಕರಿ. ಒಂದೇ ಅರ್ಥದ ಎರಡು ಪದಗಳನ್ನು ಒಂದೇ ಪಟ್ಟಿಯಲ್ಲಿ ಯಾರು ಇಡುತ್ತಾರೆ? ಆಗ ತಲೆಗೆ ಹೊಳೆಯಿತು. ಹಿಂದಿಯ ಉದ್ಯೋಗ್ ಅಂದರೆ ಕೈಗಾರಿಕೆ. ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಬೇಳೆ ಮಿಲ್ಲು ಇಟ್ಟುಕೊಂಡವರು ಟಿಕ್ ಮಾಡಬೇಕಾದ ಜಾಗ. ಅಲ್ಲಿ ಸಂಬಳದವರು ಟಿಕ್ ಮಾಡಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಅಂಗಡಿಯವರು ತಕರಾರು ತೆಗೆದದ್ದೇ ಒಳ್ಳೆಯದಾಯಿತು.

ಇಂಥ ಪದಗಳು ಒಂಟಿಯಾಗಿ ಬರುವುದು ಕಡಿಮೆ. ಬಸ್ಸಿನಲ್ಲಿ ಒಬ್ಬರು ಸರಿದರೆ ಪಕ್ಕದವರೂ ಸರಿಯಬೇಕಲ್ಲ, ಹಾಗೆ. ಹಿಂದಿಯ ವ್ಯವಸಾಯ್ ನಮ್ಮ ಉದ್ಯೋಗದ ಸೀಟಿಗೆ ಬಂತು, ಉದ್ಯೋಗ್ ಕೈಗಾರಿಕೆಯ ಸೀಟಿಗೆ ಹೋಯಿತು. ಆವತ್ತಿನಿಂದ ಒಂದು ಪದ ತಿದ್ದಿದರೆ ಅಲ್ಲಿಗೇ ಬಿಡುವುದಿಲ್ಲ. ತಿದ್ದಿದ ಹೊಸ ಪದ ಮೂಲದಲ್ಲಿ ಬೇರೆಲ್ಲಾದರೂ ಇದೆಯಾ ಅಂತ ಹುಡುಕುತ್ತೇನೆ.

ಇವೆಲ್ಲ ಸಂಸ್ಕೃತದ ಪದಗಳ ತೊಂದರೆ, ಉರ್ದು ಕಡೆಯಿಂದ ಬಂದವು ನಮ್ಮವೇ ಅಂದುಕೊಂಡಿದ್ದೆ. 1948ರವರೆಗೆ ನಿಜಾಮರ ಆಳ್ವಿಕೆ ಇದ್ದ ಸೀಮೆ ಅಲ್ವಾ, ಕಚೇರಿಯ ಮಾತೇ ಉರ್ದು ಆಗಿತ್ತು. ಆ ಭ್ರಮೆಯನ್ನು ಒಂದು ಲಾರಿ ಬಿಡಿಸಿತು.

ನಮ್ಮೂರಿನ ಲಾರಿ ಮಧ್ಯಪ್ರದೇಶದಲ್ಲಿ ಒಂದು ಕಾರಿಗೆ ತಾಗಿತ್ತು. ಅಲ್ಲಿಂದ ಬಂದ ಕಾಗದದಲ್ಲಿ ‘ದೋನೋ ಪಕ್ಷೋಂ ಮೇ ರಾಜೀನಾಮಾ ಹೋ ಗಯಾ’ ಅಂತಿತ್ತು. ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗ ಬರೆದ: "ಎರಡೂ ಪಕ್ಷದವರು ರಾಜೀನಾಮೆ ಕೊಟ್ಟಿದ್ದಾರೆ." ಓದಿದರೆ ಸರಕಾರವೇ ಬಿದ್ದಂತಿದೆ! ಹಿಂದಿಯಲ್ಲಿ ರಾಜೀನಾಮಾ ಅಂದರೆ ರಾಜಿ ಮಾಡಿಕೊಂಡ ಪತ್ರ. ನಮ್ಮಲ್ಲೂ ರಾಜಿ ಅಂದರೆ ರಾಜಿಯೇ, ‘ನಾಮೆ’ ಸೇರಿದ ಕೂಡಲೇ ಕೆಲಸ ಬಿಡುವ ಪತ್ರ ಆಗಿಬಿಡುತ್ತದೆ. ಮರಾಠಿಯಲ್ಲೂ ನಮ್ಮ ಅರ್ಥವೇ ಇದೆ.

ಹುಡುಗ ಮಾಡಿದ ಇನ್ನೊಂದು ತಪ್ಪಿನಲ್ಲೇ ಉಪಾಯವೂ ಇತ್ತು. ಮೂಲದಲ್ಲಿ ರಾಜೀನಾಮಾ ‘ಆಯಿತು’ ಅಂತ ಇದೆ, ಅವನು ‘ಕೊಟ್ಟರು’ ಅಂತ ಬದಲಿಸಿದ್ದ. ಕನ್ನಡದಲ್ಲಿ ರಾಜೀನಾಮೆ ಕೊಡುತ್ತಾರೆ, ಅದು ಇಬ್ಬರ ನಡುವೆ ಆಗುವುದಿಲ್ಲ. ಪದ ಹಾಗೇ ಇಟ್ಟು ಕ್ರಿಯಾಪದ ಬದಲಿಸಬೇಕು ಅನ್ನಿಸಿದರೆ, ಪದವೇ ತಪ್ಪು ಅಂತ ಗುಮಾನಿ ಪಡಬೇಕು.

ಈ ಉಪಾಯಕ್ಕೂ ಸಿಗದೆ ನುಸುಳುವ ಪದ ‘ಅನುಮಾನ’. ಅದೇ ಲಾರಿಯ ಕಾಗದದ ಕೊನೆಯಲ್ಲಿ ‘ಅನುಮಾನಿತ್ ಕ್ಷತಿ 80,000 ರುಪಯೇ’ ಅಂತಿತ್ತು. ಇಲ್ಲಿ ಹಿಡಿದು ನೋಡಲು ಕ್ರಿಯಾಪದವೇ ಇಲ್ಲ. ಹಿಂದಿಯಲ್ಲಿ ಅನುಮಾನ್ ಅಂದರೆ ಅಂದಾಜು, ನಮಗೆ ಅದು ಸಂಶಯ. ನಾನೇ ‘ಅನುಮಾನಿತ ನಷ್ಟ’ ಅಂತ ಹಾಕಿ, ಲಾರಿ ಮಾಲೀಕರ ಮುಂದೆ ಓದಿದೆ. ಅವರ ಮುಖ ಕೆಂಪಾಯಿತು.

"ಏನ್ರೀ, ನಾ ಸುಳ್ಳು ಲೆಕ್ಕ ಕೊಟ್ಟೀನಂತ ಅನುಮಾನ ಏನ್ರಿ ಅವರಿಗಿ?"

ಅಲ್ಲೇ ಪೆನ್ನು ತೆಗೆದು ‘ಅಂದಾಜು ನಷ್ಟ’ ಅಂತ ತಿದ್ದಿದೆ. ಈಗ ಯಾವ ಕಾಗದವನ್ನೂ ಕಣ್ಣಲ್ಲಿ ಓದಿ ಕಳಿಸುವುದಿಲ್ಲ. ಹಿಂದಿ ಪ್ರತಿ ಮುಚ್ಚಿಟ್ಟು, ಕನ್ನಡವನ್ನು ಮಾತ್ರ ಗಿರಾಕಿಗೆ ಜೋರಾಗಿ ಓದಿ ಹೇಳಿ, ಏನು ತಿಳಿಯಿತು ಅಂತ ಕೇಳುತ್ತೇನೆ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ.