ಹೊಸಬರಿಗೆ ಇಂಟರ್ವ್ಯೂ ಮೆಸೇಜ್: ನಾನು ಬರೆಯುವ ರೀತಿ

ಕಾಲೇಜು ಮುಗಿಸಿ ಮೊದಲ ಸಲ ಇಂಟರ್ವ್ಯೂಗೆ ಬರುವವರು ನಮ್ಮ ಮೆಸೇಜನ್ನು ಒಂದೇ ಸಲ ಓದಿ ಬಿಡುವುದಿಲ್ಲ. ರಾತ್ರಿ ಮತ್ತೆ ತೆಗೆದು ನೋಡುತ್ತಾರೆ, ಮನೆಯವರಿಗೆ ತೋರಿಸುತ್ತಾರೆ. ನಾವು ಏನು ಬರೆದಿಲ್ಲವೋ ಅದರ ಬಗ್ಗೆಯೇ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ‘ಬೇಸಿಕ್ಸ್ ಚೆನ್ನಾಗಿ ನೋಡಿಕೊಂಡು ಬನ್ನಿ’ ಅಂದರೆ ಸಾಕು, ಓದಿದ ಪುಸ್ತಕಗಳೆಲ್ಲ ಮತ್ತೆ ಹೊರಗೆ ಬರುತ್ತವೆ.

ಅದಕ್ಕೇ ನಾನು ಬರೆಯುವ ಮೊದಲು ಇಂಟರ್ವ್ಯೂ ಮಾಡುವವರ ಹತ್ತಿರ ಹೋಗಿ ಕೂರುತ್ತೇನೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಹೊಸಬರನ್ನು ಕರೆಯುವಾಗ ಟೀಮ್ ಲೀಡ್ ಹೇಳಿದ್ದು ಇಷ್ಟೇ: ‘ಎಸ್‌ಕ್ಯೂಎಲ್ ಗೊತ್ತಿರಬೇಕು.’ ಎಷ್ಟು ಗೊತ್ತಿರಬೇಕು ಸರ್, ಅಂತ ಕೇಳಿದೆ. ಮಾತಾಡುತ್ತಾ ಹೋದ ಹಾಗೆ ಅದು ಇಳಿದು, ಡೇಟಾಬೇಸ್‌ನ ಎರಡು ಟೇಬಲ್ ಸೇರಿಸಿ ಬೇಕಾದ ಸಾಲುಗಳನ್ನು ತೆಗೆಯುವಷ್ಟಕ್ಕೆ ಬಂದು ನಿಂತಿತು. ಅದನ್ನೇ ಬರೆದೆ:

‘ನಮಸ್ಕಾರ. ಜೂನಿಯರ್ ಟೆಸ್ಟರ್ ಕೆಲಸದ ಇಂಟರ್ವ್ಯೂಗೆ ನೀವು ಶಾರ್ಟ್‌ಲಿಸ್ಟ್ ಆಗಿದ್ದೀರಿ. ಕೆಲಸ ಯಾರಿಗೆ ಎಂಬುದು ಇಂಟರ್ವ್ಯೂ ಆದ ಮೇಲೆ ತೀರ್ಮಾನವಾಗುತ್ತದೆ.

ದಿನ: ಮಾರ್ಚ್ 12, ಗುರುವಾರ. ಬೆಳಿಗ್ಗೆ 9:45ಕ್ಕೆ ರಿಸೆಪ್ಷನ್‌ಗೆ ಬನ್ನಿ, 10:00ಕ್ಕೆ ಶುರು. ಮಧ್ಯಾಹ್ನ 1:00ರೊಳಗೆ ಮುಗಿಯುತ್ತದೆ. ನಡುವೆ ಸ್ವಲ್ಪ ಕಾಯಬೇಕಾಗಬಹುದು. ವಿಳಾಸ, ಯಾವ ಗೇಟು, ಯಾವ ಮಹಡಿ ಎಂಬುದು ಕೆಳಗಿದೆ. ದಾರಿ ತಪ್ಪಿದರೆ ನನಗೇ ಫೋನ್ ಮಾಡಿ.

ಮೊದಲು 30 ನಿಮಿಷದ ಬರಹದ ಪರೀಕ್ಷೆ. ಅದರಲ್ಲಿ `SELECT`, `WHERE`, ಎರಡು ಟೇಬಲ್‌ಗಳ `JOIN` ಇರುತ್ತವೆ. ಒಂದು ಲಾಗಿನ್ ಪುಟಕ್ಕೆ ಟೆಸ್ಟ್ ಕೇಸ್ ಬರೆಯಲು ಕೇಳುತ್ತೇವೆ. ಆಮೇಲೆ ಇಬ್ಬರು ಸುಮಾರು 40 ನಿಮಿಷ ನಿಮ್ಮ ಕಾಲೇಜು ಪ್ರಾಜೆಕ್ಟ್ ಬಗ್ಗೆ ಮಾತಾಡುತ್ತಾರೆ. ಅದರಲ್ಲಿ ನೀವೇ ಮಾಡಿದ ಭಾಗ ಯಾವುದು ಎಂದು ಹೇಳಲು ತಯಾರಾಗಿ. ಆಟೊಮೇಷನ್ ಟೂಲ್‌ಗಳ ಬಗ್ಗೆ ಕೇಳುವುದಿಲ್ಲ.

ಫೋಟೋ ಇರುವ ಗುರುತಿನ ಚೀಟಿ, ರೆಸ್ಯೂಮೆಯ ಒಂದು ಪ್ರತಿ ತನ್ನಿ. ಲ್ಯಾಪ್‌ಟಾಪ್ ಬೇಡ. ಬಟ್ಟೆ ನೀಟಾಗಿದ್ದರೆ ಸಾಕು, ಕೋಟು, ಟೈ ಬೇಕಿಲ್ಲ. ಈ ಕೆಲಸಕ್ಕಾಗಿ ನಾವು ಯಾವ ಹಂತದಲ್ಲೂ ಹಣ ಕೇಳುವುದಿಲ್ಲ.

ಸೋಮವಾರ, ಮಾರ್ಚ್ 9ರ ಸಂಜೆ 5:00ರೊಳಗೆ “ಬರುತ್ತೇನೆ” ಎಂದು ಉತ್ತರಿಸಿ. ಆ ದಿನ ಆಗದಿದ್ದರೆ ಹೇಳಿ, ಬೇರೆ ದಿನ ನೋಡೋಣ.’

‘ಶಾರ್ಟ್‌ಲಿಸ್ಟ್’ ಪಕ್ಕದಲ್ಲೇ ಆ ಎರಡನೇ ವಾಕ್ಯ ಇರಲೇಬೇಕು. ಇಲ್ಲದಿದ್ದರೆ ಕೆಲವರು ಕೆಲಸ ಸಿಕ್ಕಿತು ಅಂದುಕೊಂಡು ಇನ್ನೊಂದು ಕಡೆಯ ಇಂಟರ್ವ್ಯೂ ಬಿಟ್ಟುಬಿಡುತ್ತಾರೆ. ತಾರೀಖಿನ ಜೊತೆ ವಾರವನ್ನೂ ಹಾಕುತ್ತೇನೆ, ಕಳಿಸುವ ಮುಂಚೆ ಎರಡನ್ನೂ ಕ್ಯಾಲೆಂಡರ್‌ನಲ್ಲಿ ಹೋಲಿಸಿ ನೋಡುತ್ತೇನೆ. ಇವೆರಡು ತಾಳೆಯಾಗದಿದ್ದರೆ ಓದುವವರು ಯಾವುದನ್ನು ನಂಬಬೇಕು? ಮುಗಿಯುವ ಹೊತ್ತು ಹೇಳುವುದೂ ಮುಖ್ಯ. ವಾಪಸ್ ಹೋಗುವ ಬಸ್ಸಿನ ಚಿಂತೆ ತಲೆಯಲ್ಲಿದ್ದರೆ ಪರೀಕ್ಷೆ ಬರೆಯುವುದು ಕಷ್ಟ ಅಲ್ವಾ?

ಹಣ ಕೇಳುವುದಿಲ್ಲ ಎಂಬ ಸಾಲು ಕೆಲವರಿಗೆ ವಿಚಿತ್ರ ಅನ್ನಿಸುತ್ತದೆ. ಆದರೆ ಕೆಲಸ ಕೊಡಿಸುತ್ತೇವೆ ಅಂತ ದುಡ್ಡು ಕಿತ್ತುಕೊಳ್ಳುವವರು ಹಿಡಿಯುವುದು ಹೊಸಬರನ್ನೇ. ಇದೇ ಕಾರಣಕ್ಕೆ ನಾನು ಕಂಪನಿಯ ಇಮೇಲ್‌ನಿಂದಲೇ ಕಳಿಸುತ್ತೇನೆ. ಬರೀ ಫೋನ್ ಮೆಸೇಜ್ ಕಳಿಸಿದರೆ ಅನುಮಾನ ಬರುವುದು ಸಹಜ.

ಎಷ್ಟು ಹೇಳಬೇಕು ಎಂಬುದಕ್ಕೂ ಒಂದು ಮಿತಿ ಇದೆ. ವಿಷಯ ಹೇಳುತ್ತೇನೆ, ಪ್ರಶ್ನೆ ಹೇಳುವುದಿಲ್ಲ. ಒಬ್ಬರಿಗೆ ಹೇಳಿದ್ದು ಎಲ್ಲರಿಗೂ ಗೊತ್ತಾಗಬೇಕು. ಯಾರಾದರೂ ಫೋನ್ ಮಾಡಿ ‘ಪ್ರಾಜೆಕ್ಟ್ ಕೋಡ್ ತರಬೇಕಾ ಮೇಡಂ?’ ಅಂತ ಕೇಳಿದರೆ, ಬೇಡ ಎಂದು ಅವರಿಗೆ ಹೇಳಿ, ಅದೇ ಉತ್ತರವನ್ನು ಉಳಿದವರಿಗೂ ಕಳಿಸುತ್ತೇನೆ. ಇಲ್ಲದಿದ್ದರೆ ಫೋನ್ ಮಾಡುವ ಧೈರ್ಯ ಇದ್ದವರಿಗೆ ಮಾತ್ರ ಲಾಭ. ಮೆಸೇಜಿನಲ್ಲಿ ಏನು ಕೊರತೆ ಇದೆ ಎಂದು ಗೊತ್ತಾಗುವುದೂ ಇಂಥ ಫೋನ್‌ಗಳಿಂದಲೇ. ಒಂದೇ ಪ್ರಶ್ನೆ ಇಬ್ಬರು ಮೂವರಿಂದ ಬಂದರೆ ಮುಂದಿನ ಸಲ ಅದಕ್ಕೊಂದು ಸಾಲು ಸೇರಿಸುತ್ತೇನೆ.

ಹಿಂದಿನ ದಿನ ಮಧ್ಯಾಹ್ನ ಒಂದು ಚಿಕ್ಕ ನೆನಪೋಲೆ ಹೋಗುತ್ತದೆ. ಅದರಲ್ಲಿ ದಿನ, ಹೊತ್ತು, ವಿಳಾಸವನ್ನು ಮೊದಲ ಮೆಸೇಜಿನಿಂದ ಹಾಗೇ ಎತ್ತಿ ಹಾಕುತ್ತೇನೆ. 9:45 ಅಂತ ಇದ್ದದ್ದನ್ನು ‘ಹತ್ತರ ಹೊತ್ತಿಗೆ’ ಅಂತ ಬದಲಿಸಿದರೂ ಹೊತ್ತು ಬದಲಾಯಿತೇನೋ ಅಂತ ಗಾಬರಿಯಾಗುತ್ತಾರೆ. ಏನೂ ಬದಲಾಗಿಲ್ಲದಿದ್ದರೆ ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ: ‘ಯಾವುದೂ ಬದಲಾಗಿಲ್ಲ, ನಾಳೆ ಸಿಗೋಣ.’