ಅಲೆಕ್ಸಾಂಡ್ರೈಟ್ ಅಸಲಿಯೇ? ಮನೆಯಲ್ಲೇ ನೋಡುವುದು ಹೀಗೆ

ಅಲೆಕ್ಸಾಂಡ್ರೈಟ್ ಎಂದರೆ ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುವ ರತ್ನ. ಮೊದಲು ಹರಳನ್ನು ಹಗಲಿನಲ್ಲಿ ಕಿಟಕಿಯ ಬಳಿ ಬಿಳಿ ಕಾಗದದ ಮೇಲಿಟ್ಟು ನೋಡಿ. ಆಮೇಲೆ ಕತ್ತಲೆ ಕೋಣೆಯಲ್ಲಿ ಮೇಣದಬತ್ತಿ ಅಥವಾ ಹಳೆಯ ತಂತಿ ಬಲ್ಬಿನ ಬೆಳಕಿಗೆ ಹಿಡಿಯಿರಿ. ಎಲ್‌ಇಡಿ ದೀಪ ಬೇಡ, ಅದರಡಿ ಅಸಲಿ ಹರಳೂ ಮೋಸ ಮಾಡಬಹುದು. ಒಳ್ಳೆಯ ಅಲೆಕ್ಸಾಂಡ್ರೈಟ್ ಕಿಟಕಿಯಲ್ಲಿ ಹಸಿರು, ದೀಪದಲ್ಲಿ ನೇರಳೆಗೆಂಪು.

ಹರಳಿನೊಳಗಿನ ಕ್ರೋಮಿಯಂ ಹಳದಿ ಬೆಳಕನ್ನು ನುಂಗಿ, ಹಸಿರಿಗೂ ಕೆಂಪಿಗೂ ಎರಡು ಬಾಗಿಲುಗಳನ್ನು ತೆರೆದಿಡುತ್ತದೆ. ಎರಡೂ ಹೆಚ್ಚುಕಡಿಮೆ ಸಮನಾಗಿ ತೆರೆದಿರುವುದರಿಂದ, ಯಾವ ಬಣ್ಣ ಗೆಲ್ಲುತ್ತದೆ ಎಂಬುದನ್ನು ಹೊರಗಿನ ಬೆಳಕೇ ತೀರ್ಮಾನಿಸುತ್ತದೆ. ಹಗಲ ಬೆಳಕಿನಲ್ಲಿ ನೀಲಿ, ಹಸಿರು ಧಾರಾಳ. ನಮ್ಮ ಕಣ್ಣಿಗೂ ಹಸಿರೇ ಬೇಗ ತಟ್ಟುತ್ತದೆ. ದೀಪದ ಜ್ವಾಲೆಯಲ್ಲಿ ಕೆಂಪೇ ಹೆಚ್ಚು. ಹರಳು ಬದಲಾಗುವುದಿಲ್ಲ, ಅದಕ್ಕೆ ಸಿಗುವ ಬೆಳಕು ಬದಲಾಗುತ್ತದೆ.

ಆದರೆ ಬಣ್ಣ ಬದಲಿಸುವುದೆಲ್ಲ ಅಲೆಕ್ಸಾಂಡ್ರೈಟ್ ಅಲ್ಲ. ಕೆಲವು ಗಾರ್ನೆಟ್‌ಗಳೂ ನೀಲಮಣಿಗಳೂ ಇದೇ ಆಟ ಆಡುತ್ತವೆ. ಈ ಹೆಸರಿನಲ್ಲಿ ಹೆಚ್ಚಾಗಿ ಮಾರಾಟವಾಗುವುದು ವೆನೇಡಿಯಂ ಬೆರೆಸಿ ತಯಾರಿಸಿದ ಕೃತಕ ಕುರುಂದ, ಅಂದರೆ ನೀಲಮಣಿಯ ಜಾತಿಯ ಖನಿಜ. ಅದು ಹಗಲಿನಲ್ಲಿ ಬೂದುನೀಲಿ, ದೀಪದಲ್ಲಿ ನೇರಳೆ. ನಿಜವಾದ ಹಸಿರು ಅದರಲ್ಲಿ ಕಾಣುವುದಿಲ್ಲ.

ಅನುಮಾನ ಉಳಿದರೆ ತೂಗಿ ನೋಡಿ. ಹರಳು ಒಡವೆಯಿಂದ ಬಿಡಿಯಾಗಿರಬೇಕು; ತಕ್ಕಡಿ ಗ್ರಾಂನ ನೂರನೇ ಒಂದು ಭಾಗವನ್ನು ತೋರಿಸಬೇಕು. ಹರಳಿನ ತೂಕ 2.00 ಗ್ರಾಂ ಎಂದುಕೊಳ್ಳಿ. ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ತೆಳು ದಾರ ಕಟ್ಟಿದ ಹರಳನ್ನು ತಳ, ಅಂಚು ಮುಟ್ಟದಂತೆ ನೀರಿನಲ್ಲಿ ಇಳಿಬಿಡಿ. ಅಂಟಿದ ಗಾಳಿಗುಳ್ಳೆಗಳನ್ನು ಅಲ್ಲಾಡಿಸಿ ಬಿಡಿಸಿ. ತಕ್ಕಡಿ 0.50 ತೋರಿಸಿದರೆ 2.00 ಅನ್ನು ಅದರಿಂದ ಭಾಗಿಸಿ: 4.00 ಬರುತ್ತದೆ, ಅದು ಕುರುಂದದ ಸಾಂದ್ರತೆ. ಅಲೆಕ್ಸಾಂಡ್ರೈಟ್‌ನದು ಸುಮಾರು 3.73, ಆದ್ದರಿಂದ ತಕ್ಕಡಿ 0.54 ತೋರಿಸಬೇಕಿತ್ತು. ಒಂದು ಗ್ರಾಂಗಿಂತ ಸಣ್ಣ ಹರಳಾದರೆ ಈ ತಕ್ಕಡಿಯ ಮಾತನ್ನು ನಂಬಬೇಡಿ. ಇನ್ನೊಂದು ಮಾತು: 2 ಗ್ರಾಂ ಎಂದರೆ 10 ಕ್ಯಾರೆಟ್. ಅಷ್ಟು ದೊಡ್ಡ ಶುದ್ಧ ಅಲೆಕ್ಸಾಂಡ್ರೈಟ್ ಅಗ್ಗಕ್ಕೆ ಸಿಕ್ಕಿದರೆ ತೂಗುವ ಮೊದಲೇ ಅನುಮಾನಿಸಬೇಕು.

ಅಷ್ಟು ಅಪರೂಪವಾಗಲು ಕಾರಣ ಭೂಗರ್ಭದಲ್ಲಿದೆ. ಈ ಹರಳಿಗೆ ಬೆರಿಲಿಯಂ, ಅಲ್ಯೂಮಿನಿಯಂಗಳ ಜೊತೆ ಕ್ರೋಮಿಯಂ ಬೇಕು. ಬೆರಿಲಿಯಂ ಸೇರುವುದು ಗ್ರಾನೈಟ್ ಬಗೆಯ ಶಿಲೆಗಳಲ್ಲಿ, ಕ್ರೋಮಿಯಂ ಇರುವುದು ಅವುಗಳಿಂದ ತೀರಾ ಭಿನ್ನವಾದ ಕಪ್ಪು ಶಿಲೆಗಳಲ್ಲಿ. ಇವೆರಡೂ ಎದುರಾಗುವ ಜಾಗಗಳೇ ಕಡಿಮೆ. ಎದುರಾದಾಗಲೂ ಸಿಲಿಕಾ ಹೆಚ್ಚಿದ್ದರೆ ಪಚ್ಚೆ ಹುಟ್ಟುತ್ತದೆ! 1830ರ ದಶಕದಲ್ಲಿ ರಷ್ಯಾದ ಯುರಲ್ ಪರ್ವತಗಳಲ್ಲಿ ಇದು ಮೊದಲು ದೊರೆತದ್ದೂ ಪಚ್ಚೆಯ ಗಣಿಗಳಲ್ಲೇ. ಮುಂದೆ ಎರಡನೇ ಅಲೆಕ್ಸಾಂಡರ್ ಎನಿಸಿದ ರಾಜಕುಮಾರನ ಹೆಸರನ್ನು ಇದಕ್ಕಿಟ್ಟರು.

ಸಾಂದ್ರತೆ 3.73ಕ್ಕೆ ಸರಿಹೊಂದಿದರೂ ಒಂದು ತೊಡಕು ಉಳಿಯುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಅಲೆಕ್ಸಾಂಡ್ರೈಟ್‌ನಲ್ಲೂ ಇದೇ ರಾಸಾಯನಿಕ, ಇದೇ ಸಾಂದ್ರತೆ. ಅದನ್ನು ಗಣಿಯ ಹರಳಿನಿಂದ ಬೇರ್ಪಡಿಸಲು ಒಳಗಿನ ಕಲೆ, ಬೆಳವಣಿಗೆಯ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ಓದಬಲ್ಲ ರತ್ನಪರೀಕ್ಷಾಲಯವೇ ಬೇಕು.